ಗ್ರಾಹಕರು ಸಾಸ್ ಬಾಟಲಿಯ ಲೇಬಲ್ ಫೋಟೋ ತೆಗೆದು ಪ್ರಶ್ನೆ ಕೇಳಿದ್ದಾರೆ, ಸಪ್ಲೈಯರ್‌ಗೆ ಮೇಲ್ ಹೇಗೆ ಬರೆಯೋದು?

ಸಣ್ಣಕೆಫೆ_ಮೈಸೂರು

ಎಲ್ಲರಿಗೂ ನಮಸ್ಕಾರ. ನಮ್ಮದು ಮೈಸೂರಿನಲ್ಲಿ ಒಂದು ಸಣ್ಣ ಕೆಫೆ. ಸ್ಯಾಂಡ್‌ವಿಚ್, ರೋಲ್, ಫ್ರೈಸ್, ಕಾಫಿ, ಬೆಳಿಗ್ಗೆ ಹೊತ್ತು ಅವಲಕ್ಕಿ, ಉಪ್ಪಿಟ್ಟು.

ಭಾನುವಾರ ಸಂಜೆ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಬಂದಿದ್ದರು. ಆರ್ಡರ್ ಕೊಡುವ ಮುಂಚೆ, ಸ್ಯಾಂಡ್‌ವಿಚ್‌ಗೆ ಹಾಕುವ ಎಗ್‌ಲೆಸ್ ಮೆಯೋ ಬಾಟಲಿ ತೋರಿಸಿ ಎಂದರು. ಕೊಟ್ಟೆವು. ಲೇಬಲ್‌ನ ಫೋಟೋ ತೆಗೆದುಕೊಂಡರು, ದೊಡ್ಡದು ಮಾಡಿ ಓದಿದರು. ಕೊನೆಗೆ ಮಗಳಿಗೆ ಬರೀ ಬಾಳೆಹಣ್ಣಿನ ಮಿಲ್ಕ್‌ಶೇಕ್ ಕೊಡಿಸಿ ಹೋದರು. ರಾತ್ರಿ ಅದೇ ಫೋಟೋ ನಮ್ಮ ವಾಟ್ಸಾಪ್‌ಗೆ ಬಂತು: "ಇದರಲ್ಲಿ ಸಾಸಿವೆ ಇದೆಯಾ? ಮಗಳಿಗೆ ಸಾಸಿವೆ ಆಗಿಬರುವುದಿಲ್ಲ. ಮುಖ, ಗಂಟಲು ಊದಿಕೊಳ್ಳುತ್ತೆ. ವಿಚಾರಿಸಿ ಹೇಳ್ತೀರಾ?"

ಲೇಬಲ್‌ನಲ್ಲಿ ಇಷ್ಟು ಕಾಣುತ್ತದೆ: ರಿಫೈನ್ಡ್ ಸೋಯಾಬೀನ್ ಎಣ್ಣೆ, ನೀರು, ಸಕ್ಕರೆ, ಹಾಲಿನ ಘನಪದಾರ್ಥ, ಉಪ್ಪು, ಸ್ಪೈಸಸ್ ಅಂಡ್ ಕಾಂಡಿಮೆಂಟ್ಸ್, ಆಮೇಲೆ ಐಎನ್‌ಎಸ್ ನಂಬರ್‌ಗಳು: 1422, 415, 260, 211. ಅದರ ಕೆಳಗಿನ ಸಾಲಿನ ಮೇಲೆ ವಿತರಕರ ರೇಟ್ ಸ್ಟಿಕ್ಕರ್ ಅಂಟಿದೆ. ನಿಧಾನಕ್ಕೆ ಕಿತ್ತು ನೋಡಿದರೆ "ಕಂಟೇನ್ಸ್ ಮಿಲ್ಕ್, ಸೋಯಾ" ಅಂತಿದೆ. ಸಾಸಿವೆಯ ಹೆಸರು ಎಲ್ಲೂ ಇಲ್ಲ.

ಸಪ್ಲೈಯರ್ ಬೆಂಗಳೂರಿನವರು. ಅವರಿಗೆ ಹೀಗೆ ಬರೆಯೋಣ ಅಂದುಕೊಂಡಿದ್ದೇನೆ:

"ಸರ್, ನಿಮ್ಮ ಎಗ್‌ಲೆಸ್ ಮೆಯೋದಲ್ಲಿ ಅಲರ್ಜಿ ಆಗುವಂಥದ್ದು ಏನಾದರೂ ಇದೆಯಾ? ಗ್ರಾಹಕರು ಕೇಳುತ್ತಿದ್ದಾರೆ. ದಯವಿಟ್ಟು ಬೇಗ ತಿಳಿಸಿ."

ಇಷ್ಟು ಸಾಕಾ? ಇನ್ನೇನು ಕೇಳಬೇಕು?

ಹಾಸನದ_ಹೋಟೆಲ್‌ನವ

ಮೇಲ್ ಬರೆಯುವ ಅಗತ್ಯವೇ ಇಲ್ಲ ಅನಿಸುತ್ತೆ ಮೇಡಂ. ಎಫ್‌ಎಸ್‌ಎಸ್‌ಎಐನ 2020ರ ಲೇಬಲಿಂಗ್ ನಿಯಮದ ಪ್ರಕಾರ ಅಲರ್ಜಿ ಪದಾರ್ಥ ಇದ್ದರೆ "ಕಂಟೇನ್ಸ್" ಅಂತ ಬರೆಯಲೇಬೇಕು. ನಿಮ್ಮ ಬಾಟಲಿಯಲ್ಲಿ ಹಾಲು, ಸೋಯಾ ಬರೆದಿದ್ದಾರೆ. ಸಾಸಿವೆ ಬರೆದಿಲ್ಲ ಅಂದ ಮೇಲೆ ಸಾಸಿವೆ ಇಲ್ಲ. ಧೈರ್ಯವಾಗಿ ಹೇಳಿ.

ಕ್ವಾಲಿಟಿ_ಪೀಣ್ಯ

ದಯವಿಟ್ಟು ಹಾಗೆ ಹೇಳಬೇಡಿ. ನಾನು ಸಾಸ್, ಡ್ರೆಸಿಂಗ್ ಮಾಡುವ ಕಾರ್ಖಾನೆಗಳ ಕ್ವಾಲಿಟಿ ವಿಭಾಗದಲ್ಲೇ ಇಷ್ಟು ವರ್ಷ ಕೆಲಸ ಮಾಡಿದವನು.

ಹಾಸನದವರು ಹೇಳಿದ ನಿಯಮ ಇರುವುದು ನಿಜ. ಆದರೆ ಅದು ಒಂದು ಪಟ್ಟಿಗೆ ಮಾತ್ರ ಅನ್ವಯಿಸುತ್ತದೆ. ಗೋಧಿ, ಬಾರ್ಲಿಯಂಥ ಗ್ಲುಟೆನ್ ಇರುವ ಧಾನ್ಯ, ಸಿಗಡಿ ಏಡಿ ಜಾತಿಯವು, ಹಾಲು, ಮೊಟ್ಟೆ, ಮೀನು, ಕಡಲೆಕಾಯಿ ಮತ್ತು ಗೋಡಂಬಿ ಬಾದಾಮಿಯಂಥವು, ಸೋಯಾ, ಆಮೇಲೆ ಕೆಜಿಗೆ 10 ಮಿಲಿಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ಸಲ್ಫೈಟ್. ಪಟ್ಟಿ ಅಷ್ಟೇ. ಅದರಲ್ಲಿ ಸಾಸಿವೆ ಇಲ್ಲ. ಎಳ್ಳೂ ಇಲ್ಲ. ಹಾಗಾಗಿ ಸಾಸಿವೆ ಹಾಕಿದ್ದರೂ "ಕಂಟೇನ್ಸ್" ಸಾಲಿನಲ್ಲಿ ಅದು ಬರಬೇಕಾಗಿಲ್ಲ.

ಇನ್ನೂ ಒಂದು ವಿಷಯ ಇದೆ. ಮಸಾಲೆ ಪದಾರ್ಥಗಳನ್ನು ಒಂದೊಂದಾಗಿ ಹೆಸರಿಸದೆ "ಸ್ಪೈಸಸ್ ಅಂಡ್ ಕಾಂಡಿಮೆಂಟ್ಸ್" ಎಂದು ಒಟ್ಟಿಗೆ ಬರೆಯಲು ನಿಯಮವೇ ಅವಕಾಶ ಕೊಡುತ್ತದೆ. ಸಾಸಿವೆ ಪುಡಿ ಹಾಕಿದ್ದರೆ ಅದು ಕೂತಿರುವುದು ಅಲ್ಲೇ. ಮೆಯೋದಲ್ಲಂತೂ ಅದು ಬರೀ ರುಚಿಗಲ್ಲ. ಎಣ್ಣೆ, ನೀರು ಬೇರೆಯಾಗದ ಹಾಗೆ ಹಿಡಿದಿಡಲು ಸಾಸಿವೆ ಪುಡಿ ಚೆನ್ನಾಗಿ ಸಹಾಯ ಮಾಡುತ್ತದೆ. ಮೊಟ್ಟೆ ಇಲ್ಲದ ಮೆಯೋದಲ್ಲಿ ಆ ಕೆಲಸವನ್ನು ಹಾಲಿನ ಪ್ರೋಟೀನ್, ಸ್ಟಾರ್ಚ್, ಸಾಸಿವೆ ಹಂಚಿಕೊಂಡು ಮಾಡುವುದು ತುಂಬಾ ಸಾಮಾನ್ಯ. ನಿಮ್ಮ ಬಾಟಲಿಯಲ್ಲಿ ಇದ್ದೇ ಇದೆ ಅಂತ ನಾನು ಹೇಳುತ್ತಿಲ್ಲ. ಲೇಬಲ್ ಸುಮ್ಮನಿದೆ ಅಂದ ಮಾತ್ರಕ್ಕೆ ಇಲ್ಲ ಅಂತ ತಿಳಿಯಬೇಡಿ.

ಇನ್ನು ನಿಮ್ಮ ಮೇಲ್. "ಅಲರ್ಜಿ ಆಗುವಂಥದ್ದು ಏನಾದರೂ ಇದೆಯಾ" ಅಂತ ಕೇಳಿದರೆ ಬರುವ ಉತ್ತರ ಒಂದೇ: "ಏನೂ ಇಲ್ಲ ಮೇಡಂ, ಪ್ಯೂರ್ ವೆಜ್, ಒಳ್ಳೆ ಕ್ವಾಲಿಟಿ." ಹೆಸರು ಹಿಡಿದು ಕೇಳಿ.

ಬೇಕರಿ_ದಾವಣಗೆರೆ

ನಮಗೂ ಇದೇ ತೊಂದರೆ ಆಗಿತ್ತು. ಜೈನ ಗ್ರಾಹಕರೊಬ್ಬರು ಪಿಜ್ಜಾ ಸಾಸ್‌ನಲ್ಲಿ ಈರುಳ್ಳಿ, ಬೆಳ್ಳುಳ್ಳಿ ಇದೆಯಾ ಅಂತ ಕೇಳಿದ್ದರು. ಹಸಿರು ಚುಕ್ಕಿ ಇದೆ ನೋಡಿ ಅಂತ ತೋರಿಸಿದೆವು, ಅವರು ಒಪ್ಪಲಿಲ್ಲ. ಆಮೇಲೆ ಬೇರೆ ಬ್ರ್ಯಾಂಡಿನ ಜೈನ್ ಸಾಸ್ ತರಿಸಿದೆವು. ನೀವೂ ಸಪ್ಲೈಯರ್ ಹತ್ತಿರ ಜೈನ್ ಮೆಯೋ ಇದೆಯಾ ಕೇಳಿ, ಸುಲಭ.

ಕ್ವಾಲಿಟಿ_ಪೀಣ್ಯ

ಜೈನ್ ಸಾಸ್‌ನಲ್ಲಿ ಈರುಳ್ಳಿ ಬೆಳ್ಳುಳ್ಳಿ ಇರುವುದಿಲ್ಲ, ಸಾಸಿವೆ ಇರಬಹುದು ಸರ್. ಅದು ಬೇರೆ ಪ್ರಶ್ನೆ. ಹಸಿರು ಚುಕ್ಕಿಯೂ ಅಷ್ಟೇ, ಸಸ್ಯಾಹಾರ ಅಂತ ಮಾತ್ರ ಹೇಳುತ್ತದೆ. ಹಾಲು, ಸೋಯಾ, ಸಾಸಿವೆ, ಕಡಲೆಕಾಯಿ ಎಲ್ಲಕ್ಕೂ ಹಸಿರು ಚುಕ್ಕಿಯೇ.

ಆದರೆ ನಿಮ್ಮ ಅನುಭವದಲ್ಲಿ ಒಂದು ಅಂಶ ಇಲ್ಲಿಗೂ ಸೇರುತ್ತದೆ. ಈರುಳ್ಳಿ ಬೆಳ್ಳುಳ್ಳಿ ಪುಡಿಯೂ ಆ "ಕಾಂಡಿಮೆಂಟ್ಸ್" ಅನ್ನುವ ಒಂದೇ ಪದದೊಳಗೆ ಅಡಗಿರಬಹುದು. ಅದನ್ನು ಬಿಡಿಸಿ ಹೇಳಿ ಅಂತ ಕೇಳುವುದೇ ಈ ಮೇಲ್‌ನ ಮುಖ್ಯ ಕೆಲಸ.

ಪುಟ್ಟಿಯ_ಅಮ್ಮ

ನನ್ನ ಮಗಳಿಗೆ ಕಡಲೆಕಾಯಿ ಮತ್ತು ಎಳ್ಳು ಆಗುವುದಿಲ್ಲ. ಹೋಟೆಲಲ್ಲಿ ಬಾಟಲಿ ಫೋಟೋ ತೆಗೆಯುವವರಲ್ಲಿ ನಾನೂ ಒಬ್ಬಳು. ಎಷ್ಟೋ ಕಡೆ ತಪ್ಪು ಹುಡುಕಲು ಬಂದವರ ಹಾಗೆ ನೋಡುತ್ತಾರೆ. ನೀವು ಬಾಟಲಿ ಕೊಟ್ಟಿರಿ, ಮೆಸೇಜಿಗೆ ಬೆಲೆ ಕೊಟ್ಟಿರಿ, ಅದಕ್ಕೇ ಬರೆಯುತ್ತಿದ್ದೇನೆ.

ಆ ತಾಯಿಗೆ ಇವತ್ತೇ ಉತ್ತರ ಕೊಡಿ. ಸಪ್ಲೈಯರ್ ಹೇಳುವವರೆಗೆ ಕಾಯಿಸಬೇಡಿ. "ನಮಗೆ ಗೊತ್ತಿಲ್ಲ, ಮಸಾಲೆ ಅಂತ ಮಾತ್ರ ಬರೆದಿದೆ, ಕೇಳಿದ್ದೇವೆ, ಅಲ್ಲಿಯವರೆಗೆ ಕೊಡಬೇಡಿ" ಅಂದರೆ ನಮಗೆ ಅದೇ ಒಳ್ಳೆಯ ಉತ್ತರ. ನಮಗೆ ಭಯ ಆಗುವುದು "ಏನಾಗಲ್ಲ ಮೇಡಂ, ಎಲ್ಲರೂ ತಿಂತಾರೆ" ಅನ್ನುವವರನ್ನು ಕಂಡರೆ.

ಹಾಸನದ_ಹೋಟೆಲ್‌ನವ

ಪಟ್ಟಿಯಲ್ಲಿ ಸಾಸಿವೆ ಇಲ್ಲ ಅನ್ನೋದು ಗೊತ್ತಿರಲಿಲ್ಲ, ಹೇಳಿದ್ದಕ್ಕೆ ಥ್ಯಾಂಕ್ಸ್. ಆದರೆ ಸ್ಯಾಂಡ್‌ವಿಚ್ ಗ್ರಿಲ್ ಮಾಡ್ತಾರಲ್ವಾ, ಆ ಬಿಸಿಗೆ ಅಲರ್ಜಿ ಕೊಡುವ ಅಂಶ ಹೋಗಲ್ವಾ?

ಪುಟ್ಟಿಯ_ಅಮ್ಮ

ಕೆಲವು ಆಹಾರದ ವಿಷಯದಲ್ಲಿ ಬಿಸಿಯಿಂದ ಸ್ವಲ್ಪ ಕಡಿಮೆ ಆಗುವುದುಂಟು. ಸಾಸಿವೆಗೆ ಅದು ನಡೆಯುವುದಿಲ್ಲ ಅಂತ ನಮ್ಮ ಡಾಕ್ಟರು ಬಿಡಿಸಿ ಹೇಳಿದ್ದರು. ಅದರ ಮುಖ್ಯ ಪ್ರೋಟೀನ್ ಬಿಸಿಯನ್ನೂ ತಡೆಯುತ್ತದೆ, ಹೊಟ್ಟೆಯಲ್ಲಿ ಜೀರ್ಣವಾಗುವುದನ್ನೂ ತಡೆಯುತ್ತದೆ. ಗ್ರಿಲ್ ಮಾಡಿದ್ದೇವೆ ಅನ್ನುವುದನ್ನು ದಯವಿಟ್ಟು ಯಾರೂ ಸಮಾಧಾನವಾಗಿ ಹೇಳಬೇಡಿ.

ಡೀಲರ್_ಹುಬ್ಬಳ್ಳಿ

ನಾನು ವಿತರಕ. ನಮ್ಮ ಕಡೆಯಿಂದಲೂ ಒಂದು ಮಾತು ಕೇಳಿ. ಇಂಥ ಮೇಲ್ ಬಂದರೆ ನಮ್ಮ ಹತ್ತಿರ ಉತ್ತರ ಇರುವುದಿಲ್ಲ. ನಾವು ಮಾಲು ತರಿಸಿ ಕೊಡುವವರು. ಏನೇನು ಹಾಕಿದ್ದಾರೆ ಅನ್ನುವುದು ಕಾರ್ಖಾನೆಗೆ ಗೊತ್ತು. ಆದ್ದರಿಂದ ಮೇಲ್‌ನಲ್ಲಿ "ಇದನ್ನು ತಯಾರಕರ ಕ್ವಾಲಿಟಿ ವಿಭಾಗಕ್ಕೆ ಕಳಿಸಿ, ಅವರ ಉತ್ತರವನ್ನೇ ನಮಗೆ ಕೊಡಿ" ಅಂತ ಬರೆಯಿರಿ. ಇಲ್ಲಾಂದ್ರೆ ನಮ್ಮ ಸೇಲ್ಸ್ ಹುಡುಗ ತನಗೆ ತೋಚಿದ್ದನ್ನು ಬರೆದುಬಿಡುತ್ತಾನೆ. ನಡೆಯುವುದನ್ನೇ ಹೇಳುತ್ತಿದ್ದೇನೆ.

ಬ್ಯಾಚ್ ನಂಬರ್ ಇಲ್ಲದ ಪ್ರಶ್ನೆಯನ್ನು ಕಾರ್ಖಾನೆಯವರು ಪಕ್ಕಕ್ಕಿಡುತ್ತಾರೆ. ಗ್ರಾಹಕರ ಫೋಟೋದಲ್ಲಿ ಬ್ಯಾಚ್ ಕಾಣುತ್ತಾ?

ಸಣ್ಣಕೆಫೆ_ಮೈಸೂರು

ಇಲ್ಲ ಸರ್. ಬ್ಯಾಚ್ ಇರುವುದು ಬಾಟಲಿಯ ಕುತ್ತಿಗೆ ಹತ್ತಿರ, ಇಂಕ್‌ನಲ್ಲಿ ಹೊಡೆದಿದ್ದಾರೆ. ಎಣ್ಣೆ ಕೈ ತಗುಲಿ ಮೊದಲ ಎರಡು ಅಕ್ಷರ ಅಳಿಸಿದೆ. ಅದೇ ಬಾಕ್ಸ್‌ನ ಬೇರೆ ಬಾಟಲಿ ಸೀಲ್ ಒಡೆಯದೆ ಇದೆ, ಅದರಲ್ಲಿ ಸ್ಪಷ್ಟವಾಗಿದೆ. ತಯಾರಿಕೆ ದಿನಾಂಕ ಎರಡರಲ್ಲೂ ಒಂದೇ. ಆ ತಾಯಿಗೆ "ಗೊತ್ತಿಲ್ಲ, ಕೇಳುತ್ತಿದ್ದೇವೆ, ಸದ್ಯ ಬೇಡ" ಅಂತ ಮೆಸೇಜ್ ಮಾಡಿದೆ.

ಕ್ವಾಲಿಟಿ_ಪೀಣ್ಯ

ಹಾಗಿದ್ದರೆ ಒಡೆಯದ ಬಾಟಲಿಯ ನಾಲ್ಕು ಕಡೆಯ ಫೋಟೋ ಹಾಕಿ. ಬ್ಯಾಚ್, ತಯಾರಿಕೆ ದಿನಾಂಕ, 14 ಅಂಕಿಯ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ನಂಬರ್, ತಯಾರಕರ ವಿಳಾಸ ಎಲ್ಲ ಕಾಣಬೇಕು. ಗ್ರಾಹಕರ ಫೋಟೋವನ್ನೂ ಸೇರಿಸಿ, ಆದರೆ ಅವರ ಹೆಸರು, ಫೋನ್ ನಂಬರ್, ಮಗುವಿನ ವಿಷಯ ಬೇಡ. ಸಪ್ಲೈಯರ್‌ಗೆ ಅದು ಬೇಕಾಗಿಲ್ಲ.

ವಿಳಾಸವನ್ನು ಸರಿಯಾಗಿ ಓದಿ. ಕೆಲವು ಬಾಟಲಿಗಳಲ್ಲಿ ತಯಾರಿಸಿದವರು ಒಬ್ಬರು, ತುಂಬಿದವರು ಇನ್ನೊಬ್ಬರು, ಮಾರುವವರು ಮತ್ತೊಬ್ಬರು. ದೊಡ್ಡ ಡ್ರಮ್‌ನಿಂದ ಬಾಟಲಿಗೆ ತುಂಬುವವರಿದ್ದರೆ ಅವರ ಜಾಗದಲ್ಲೂ ಬೇರೆ ಸಾಸ್ ಸೋಕಬಹುದು. ಪ್ರಶ್ನೆ ಇಬ್ಬರಿಗೂ ಹೋಗಬೇಕು.

ಆಮೇಲೆ, ಆ ಬ್ರ್ಯಾಂಡಿನ ಅಂಗಡಿ ಪ್ಯಾಕ್‌ನ ಫೋಟೋ ಇಂಟರ್‌ನೆಟ್‌ನಲ್ಲಿ ಸಿಕ್ಕರೆ ಅದನ್ನು ನಂಬಬೇಡಿ. ಅಂಗಡಿಗೆ ಹೋಗುವ ಪ್ಯಾಕ್, ಹೋಟೆಲ್‌ಗೆ ಬರುವ ಪ್ಯಾಕ್ ಎರಡರ ಹೆಸರು ಒಂದೇ ಇದ್ದು ಒಳಗಿನ ಪದಾರ್ಥಗಳ ಅಳತೆ ಬೇರೆ ಇರುವುದನ್ನು ನಾನೇ ನೋಡಿದ್ದೇನೆ.

ಲೀಡ್ಸ್_ಕನ್ನಡತಿ

ಇಲ್ಲಿ ಇಂಗ್ಲೆಂಡಿನಲ್ಲಿ ಕೆಫೆಯೊಂದರಲ್ಲಿ ಕೆಲಸ ಮಾಡುತ್ತೇನೆ. ಇಲ್ಲಿ ಹೆಸರಿಸಿ ಹೇಳಬೇಕಾದ್ದು 14 ಗುಂಪು, ಅದರಲ್ಲಿ ಸಾಸಿವೆ, ಎಳ್ಳು, ಸೆಲರಿ ಎಲ್ಲ ಬರುತ್ತವೆ. ಪ್ಯಾಕ್ ಮಾಡದೆ ಬಡಿಸುವ ಆಹಾರಕ್ಕೂ 2014ರ ಡಿಸೆಂಬರ್‌ನಿಂದ ಈ ಮಾಹಿತಿ ಕೊಡಲೇಬೇಕು. ನಮ್ಮಲ್ಲಿ ಪ್ರತಿ ಸಾಸ್‌ಗೂ ಒಂದು ಹಾಳೆ, ಫೈಲಿನಲ್ಲಿ. ಹೊಸ ಬ್ರ್ಯಾಂಡ್ ಬಂದರೆ ಹಳೆ ಹಾಳೆ ತೆಗೆದು ಹೊಸದು ಹಾಕುವವರೆಗೆ ಮ್ಯಾನೇಜರ್ ಬಾಟಲಿಯ ಸೀಲ್ ಒಡೆಯಲು ಬಿಡುವುದಿಲ್ಲ.

ಕ್ವಾಲಿಟಿ_ಪೀಣ್ಯ

ಇದು ತುಂಬಾ ಉಪಯೋಗದ ಮಾತು. ಯುರೋಪಿಗೆ ಮಾಲು ಕಳಿಸುವ ಭಾರತದ ಕಾರ್ಖಾನೆಗಳಲ್ಲಿ ಈ 14ರ ಚಾರ್ಟ್ ತಯಾರಾಗಿಯೇ ಇರುತ್ತದೆ. ಕೇಳಿದರೆ ಅದನ್ನೇ ಕಳಿಸಬಹುದು. ಆದರೆ ಚಾರ್ಟ್ ರಫ್ತು ಮಾಲಿನದ್ದೋ, ನಿಮಗೆ ಬರುವ ಮಾಲಿನದ್ದೋ ಅಂತ ಪ್ರಾಡಕ್ಟ್ ಕೋಡ್ ಹೊಂದಿಸಿ ನೋಡಿ.

ಸಣ್ಣಕೆಫೆ_ಮೈಸೂರು

ನಿಮ್ಮೆಲ್ಲರ ಮಾತು ಕೇಳಿ ಹೀಗೆ ಬರೆದಿದ್ದೇನೆ. ತಿದ್ದಿ.

"ವಿಷಯ: ಎಗ್‌ಲೆಸ್ ಮೆಯೋ 1 ಕೆಜಿ ಬಾಟಲಿ, ಪೂರ್ತಿ ಪದಾರ್ಥಗಳ ಮತ್ತು ಅಲರ್ಜನ್ ವಿವರ ಬೇಕು

ಮಾನ್ಯರೇ,

ನಿಮ್ಮಿಂದ ನಾವು ತರಿಸುವ ಎಗ್‌ಲೆಸ್ ಮೆಯೋ ಬಾಟಲಿಯ ಲೇಬಲ್ ನೋಡಿ ಗ್ರಾಹಕರೊಬ್ಬರು ಅದರಲ್ಲಿ ಸಾಸಿವೆ ಇದೆಯೇ ಎಂದು ಕೇಳಿದ್ದಾರೆ. ಲೇಬಲ್‌ನಲ್ಲಿ 'ಸ್ಪೈಸಸ್ ಅಂಡ್ ಕಾಂಡಿಮೆಂಟ್ಸ್' ಎಂದಷ್ಟೇ ಇರುವುದರಿಂದ ನಮಗೆ ಉತ್ತರ ಕೊಡಲು ಆಗುತ್ತಿಲ್ಲ. ಬ್ಯಾಚ್ ನಂಬರ್, ತಯಾರಿಕೆ ದಿನಾಂಕ ಮತ್ತು ಲೈಸೆನ್ಸ್ ನಂಬರ್ ಕಾಣುವ ಫೋಟೋಗಳನ್ನು ಇದರ ಜೊತೆ ಕಳಿಸಿದ್ದೇವೆ.

ಈ ಬ್ಯಾಚ್‌ನಲ್ಲಿರುವ ಮಸಾಲೆ ಪದಾರ್ಥಗಳ ಹೆಸರನ್ನು ಒಂದೊಂದಾಗಿ ತಿಳಿಸಿ. ಅಳತೆ ಬೇಡ, ಹೆಸರು ಸಾಕು. ಸಾಸಿವೆ ಯಾವುದೇ ರೂಪದಲ್ಲಿ, ಅಂದರೆ ಕಾಳು, ಪುಡಿ, ಎಣ್ಣೆ ಅಥವಾ ಸಾರವಾಗಿ ಇದೆಯೇ, ಹೌದು ಅಥವಾ ಇಲ್ಲ ಎಂದು ಬರೆಯಿರಿ. ಎಳ್ಳು, ಕಡಲೆಕಾಯಿ, ಗೋಡಂಬಿ ಬಾದಾಮಿಯಂಥವು, ಗೋಧಿ, ಮೊಟ್ಟೆ, ಸಲ್ಫೈಟ್ ಇವುಗಳಿಗೂ ಹಾಗೆಯೇ ಉತ್ತರ ಬೇಕು. ಐಎನ್‌ಎಸ್ 1422 ಸ್ಟಾರ್ಚ್ ಅನ್ನು ಯಾವುದರಿಂದ ಮಾಡಿದ್ದು, ಮೆಕ್ಕೆಜೋಳವೋ, ಮರಗೆಣಸೋ, ಗೋಧಿಯೋ ಎಂಬುದನ್ನೂ ತಿಳಿಸಿ.

ಇದೇ ಯಂತ್ರದಲ್ಲಿ ಸಾಸಿವೆ ಇರುವ ಬೇರೆ ಸಾಸ್ ತಯಾರಾಗುತ್ತದೆಯೇ? ಆಗುವುದಾದರೆ ನಡುವೆ ಹೇಗೆ ತೊಳೆಯುತ್ತೀರಿ?

ದಯವಿಟ್ಟು ಈ ಮೇಲ್ ಅನ್ನು ತಯಾರಕರ ಕ್ವಾಲಿಟಿ ವಿಭಾಗಕ್ಕೆ ಕಳಿಸಿ, ಅವರ ಸ್ಪೆಸಿಫಿಕೇಷನ್ ಶೀಟ್ ಮತ್ತು ಅಲರ್ಜನ್ ಹೇಳಿಕೆಯನ್ನು ದಿನಾಂಕ, ಸಹಿಯೊಂದಿಗೆ ಕೊಡಿಸಿ. ಮುಂದೆ ಪದಾರ್ಥ ಬದಲಾದರೆ ಮಾಲು ಕಳಿಸುವ ಮುಂಚೆ ತಿಳಿಸಬೇಕೆಂದು ಕೋರುತ್ತೇವೆ. ಉತ್ತರ ಬರುವವರೆಗೆ, ಅಲರ್ಜಿ ಇದೆ ಎಂದು ಹೇಳುವ ಗ್ರಾಹಕರಿಗೆ ಈ ಸಾಸ್ ಬಡಿಸುವುದಿಲ್ಲ.

ಇನ್ನೊಂದು ವಿಷಯ. ನಿಮ್ಮ ರೇಟ್ ಸ್ಟಿಕ್ಕರ್ ಲೇಬಲ್‌ನ ಅಲರ್ಜನ್ ಸಾಲನ್ನು ಮುಚ್ಚುತ್ತಿದೆ. ಅದನ್ನು ಮುಚ್ಚಳದ ಮೇಲೆ ಅಂಟಿಸಿ."

ಡೀಲರ್_ಹುಬ್ಬಳ್ಳಿ

ಸ್ಟಿಕ್ಕರ್ ಮಾತು ನಮಗೂ ತಾಗುತ್ತದೆ. ನಾಳೆಯೇ ಗೋಡೌನ್‌ನಲ್ಲಿ ಹೇಳುತ್ತೇನೆ. "ಅಳತೆ ಬೇಡ, ಹೆಸರು ಸಾಕು" ಅಂದದ್ದು ಒಳ್ಳೆಯದಾಯಿತು. ರೆಸಿಪಿ ಗುಟ್ಟು ಕೇಳುತ್ತಿದ್ದಾರೆ ಅಂತ ಕಾರ್ಖಾನೆಯವರು ಹಿಂಜರಿಯುವುದೇ ಅಳತೆ ವಿಷಯದಲ್ಲಿ. ಕಾರ್ಖಾನೆ ಹೊರ ರಾಜ್ಯದ್ದಾದರೆ ಇಂಗ್ಲಿಷ್ ಪ್ರತಿಯನ್ನೂ ಸೇರಿಸಿ.

ಕ್ವಾಲಿಟಿ_ಪೀಣ್ಯ

ಚೆನ್ನಾಗಿದೆ. "ಇದೇ ಯಂತ್ರದಲ್ಲಿ" ಅನ್ನುವುದನ್ನು "ಇದೇ ಲೈನ್‌ನಲ್ಲಿ ಅಥವಾ ಇದೇ ಕಟ್ಟಡದಲ್ಲಿ, ಯಾವುದು ಎಂದು ಹೇಳಿ" ಅಂತ ಮಾಡಿ. ಒಂದೇ ಕಟ್ಟಡದ ಇನ್ನೊಂದು ಕೋಣೆಯಲ್ಲಿ ಸಾಸಿವೆ ಇರುವುದಕ್ಕೂ, ಒಂದೇ ಮಿಕ್ಸರ್‌ನಲ್ಲಿ ಬೆಳಿಗ್ಗೆ ಮಸ್ಟರ್ಡ್ ಸಾಸ್, ಮಧ್ಯಾಹ್ನ ಮೆಯೋ ಮಾಡುವುದಕ್ಕೂ ತುಂಬಾ ವ್ಯತ್ಯಾಸ ಇದೆ. ದಪ್ಪ, ಜಿಡ್ಡಿನ ಸಾಸ್ ಪೈಪಿನ ತಿರುವುಗಳಲ್ಲಿ, ನಳದ ಬಾಯಿಯಲ್ಲಿ ಉಳಿದುಕೊಳ್ಳುತ್ತದೆ. ಬರೀ ನೀರು ಹಾಯಿಸಿದರೆ ಹೋಗುವುದಿಲ್ಲ.

ನಿಮಗೆ ಬಾಟಲಿಯ ಬದಲು ದೊಡ್ಡ ಡಬ್ಬದಲ್ಲಿ ಬರುವ ಸಾಸ್ ಇದ್ದರೆ, ಚಿಲ್ಲರೆ ಮಾರಾಟಕ್ಕಲ್ಲದ ಅಂಥ ಡಬ್ಬದ ಮೇಲೆ ಪದಾರ್ಥಗಳ ಪಟ್ಟಿ ಇರದಿದ್ದರೂ ಅದನ್ನು ಜೊತೆಯ ಕಾಗದದಲ್ಲಿ ಕೊಡಬೇಕು ಅಂತ ಅದೇ 2020ರ ನಿಯಮದಲ್ಲಿದೆ. ಇನ್‌ವಾಯ್ಸ್ ಜೊತೆ ಕೇಳಿ ಪಡೆಯಿರಿ.

ಸಣ್ಣಕೆಫೆ_ಮೈಸೂರು

ಗುರುವಾರದ ಸುದ್ದಿ. ಮೊದಲು ಸಪ್ಲೈಯರ್ ಆಫೀಸಿನಿಂದ ಎರಡೇ ಸಾಲು ಬಂತು: "ನೋ ಅಲರ್ಜನ್, 100% ವೆಜ್." ಪೀಣ್ಯದವರು ಹೇಳಿದ ಹಾಗೇ! ಬಾಟಲಿಯ ಮೇಲೇ ಹಾಲು, ಸೋಯಾ ಅಂತ ಇರುವಾಗ "ನೋ ಅಲರ್ಜನ್" ಹೇಗೆ ಆಗುತ್ತದೆ ಅಂತ ಅದೇ ಮೇಲ್‌ಗೆ ಉತ್ತರಿಸಿ, ತಯಾರಕರ ಕ್ವಾಲಿಟಿ ವಿಭಾಗದ ಕಾಗದವೇ ಬೇಕು ಅಂದೆ. ಇವತ್ತು ಕಾರ್ಖಾನೆಯಿಂದ ಶೀಟ್ ಬಂದಿದೆ.

ಮಸಾಲೆ ಅಂದರೆ: ಸಾಸಿವೆ ಪುಡಿ, ಬೆಳ್ಳುಳ್ಳಿ ಪುಡಿ, ಕಾಳುಮೆಣಸು. ಸಾಸಿವೆ ಇದೆ. ಸ್ಟಾರ್ಚ್ ಮೆಕ್ಕೆಜೋಳದ್ದು. ಗೋಧಿ, ಮೊಟ್ಟೆ, ಕಡಲೆಕಾಯಿ "ಇಲ್ಲ". ಎಳ್ಳಿನ ಮುಂದೆ "ಸೇಮ್ ಫೆಸಿಲಿಟಿ" ಅಂತ ಮಾತ್ರ ಬರೆದಿದ್ದಾರೆ. ತೊಳೆಯುವ ಪ್ರಶ್ನೆಗೆ ಉತ್ತರವೇ ಇಲ್ಲ.

ಆ ತಾಯಿಗೆ ತಿಳಿಸಿದೆ. "ನಾನು ಅಂದುಕೊಂಡಿದ್ದೆ, ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್" ಅಂದರು. ಈಗ ಸಾಸಿವೆ ಇಲ್ಲದ ಮೆಯೋ ಹುಡುಕಿ, ಆ ಮಗುವಿಗೂ ಸ್ಯಾಂಡ್‌ವಿಚ್ ಮಾಡಿಕೊಡಬೇಕು ಅಂತ ಆಸೆ.

ಪುಟ್ಟಿಯ_ಅಮ್ಮ

ಶೀಟ್‌ನಲ್ಲಿ ಎಳ್ಳಿಗೆ ಬರೆದದ್ದು ಹೌದೂ ಅಲ್ಲ, ಇಲ್ಲವೂ ಅಲ್ಲ. ನನ್ನಂಥವಳು ಕೇಳಿದರೆ "ಇರಬಹುದು" ಅಂತಲೇ ಹೇಳಿ.

ನಿಮ್ಮ ಆಸೆ ದೊಡ್ಡದು. ಆದರೆ ಒಂದು ಕೇಳಲೇ? ಬೆಳಿಗ್ಗೆ ಅವಲಕ್ಕಿ, ಉಪ್ಪಿಟ್ಟಿಗೆ ಒಗ್ಗರಣೆ ಹಾಕುತ್ತೀರಲ್ವಾ. ಸಾಸಿವೆ ಸಿಡಿದು ಎಲ್ಲೆಲ್ಲಿ ಬೀಳುತ್ತದೆ? ಅದೇ ತವಾ, ಅದೇ ಸಟ್ಟುಗ, ಒರೆಸುವ ಅದೇ ಬಟ್ಟೆ ಸ್ಯಾಂಡ್‌ವಿಚ್‌ಗೂ ಬರುತ್ತದೆಯಾ?

ಸಣ್ಣಕೆಫೆ_ಮೈಸೂರು

ಒಲೆ ಒಂದೇ ಸಾಲಿನಲ್ಲಿದೆ. ಒಗ್ಗರಣೆ ಬಾಣಲೆಗೂ ಸ್ಯಾಂಡ್‌ವಿಚ್ ಗ್ರಿಲ್‌ಗೂ ನಡುವೆ ಎರಡು ಅಡಿ ಇರಬಹುದು. ಸಟ್ಟುಗ ಬೇರೆ, ಬಟ್ಟೆ ಒಂದೇ. ಗ್ರಿಲ್‌ನ ಕೆಳಗೆ ಎಣ್ಣೆ ಬೀಳುವ ತಟ್ಟೆಯನ್ನು ಈಗ ಎಳೆದು ನೋಡಿದೆ, ಮೂಲೆಯಲ್ಲಿ ಸಾಸಿವೆ ಕಾಳುಗಳಿವೆ.

ಹಾಸನದ_ಹೋಟೆಲ್‌ನವ

ಹಾಗಾದರೆ ನಮ್ಮ ಕಡೆಯ ಯಾವ ಅಡುಗೆಮನೆಯೂ ಸಾಸಿವೆ ಇಲ್ಲ ಅಂತ ಮಾತು ಕೊಡೋಕೆ ಆಗಲ್ಲ, ಅಲ್ವಾ? "ಇಲ್ಲಿ ಸಾಸಿವೆ ಬಳಸುತ್ತೇವೆ" ಅಂತ ಬೋರ್ಡ್ ಹಾಕಿ ಸುಮ್ಮನಾಗೋದೇ ಸರಿ ಅನಿಸುತ್ತೆ.

ಪುಟ್ಟಿಯ_ಅಮ್ಮ

ಬೋರ್ಡ್ ಹಾಕಿ, ಬೇಡ ಅನ್ನಲ್ಲ. ಆದರೆ ಎಲ್ಲರೂ ಬೋರ್ಡ್ ಹಾಕಿ ಸುಮ್ಮನಾದರೆ ನಮ್ಮ ಮಕ್ಕಳು ಹೊರಗೆ ತಿನ್ನೋದೇ ಇಲ್ಲ. ಬೆಂಗಳೂರಿನಲ್ಲಿ ನಾವು ಹೋಗುವ ಒಂದು ಕಡೆ ಬೇರೆ ಕಟಿಂಗ್ ಬೋರ್ಡ್, ಬೇರೆ ಚಾಕು ಇಟ್ಟು, ಕೈ ತೊಳೆದು, ಒಲೆ ಹತ್ತಿರ ಹೋಗದೆ ತಣ್ಣನೆ ಸ್ಯಾಂಡ್‌ವಿಚ್ ಮಾಡಿಕೊಡುತ್ತಾರೆ. ಜೊತೆಗೆ "ನೂರಕ್ಕೆ ನೂರು ಅಂತ ಹೇಳಲ್ಲ" ಅಂತಲೂ ಹೇಳುತ್ತಾರೆ. ತಿನ್ನಿಸುವುದೋ ಬೇಡವೋ ಅನ್ನುವುದನ್ನು ಆಮೇಲೆ ನಾವು ನಿರ್ಧರಿಸುತ್ತೇವೆ.

ಕ್ವಾಲಿಟಿ_ಪೀಣ್ಯ

ಇದರಲ್ಲಿ ನನಗೂ ಖಚಿತ ಅಭಿಪ್ರಾಯ ಇಲ್ಲ. ಗಂಟಲು ಊದಿಕೊಳ್ಳುವ ಮಗುವಿಗೆ ನಾನಾಗಿದ್ದರೆ ಕೊಡಲು ಹೆದರುತ್ತಿದ್ದೆ. ಆದರೆ ಪುಟ್ಟಿಯ ಅಮ್ಮ ಹೇಳುವುದರಲ್ಲೂ ನ್ಯಾಯ ಇದೆ. ಏನೇ ಮಾಡಿದರೂ ಬ್ರೆಡ್ ಮರೆಯಬೇಡಿ. ಬ್ರೆಡ್, ಬೆಣ್ಣೆ, ಚೀಸ್ ಸ್ಲೈಸ್, ಒಂದೊಂದಕ್ಕೂ ಇದೇ ಮೇಲ್ ಹೋಗಬೇಕು.

ಬೇಕರಿ_ದಾವಣಗೆರೆ

ನಿಮ್ಮ ಮೇಲ್ ನೋಡಿ ನಾನೂ ಪಿಜ್ಜಾ ಸಾಸ್‌ನವರಿಗೆ ಬರೆದೆ. ಅದು ಐದು ಕೆಜಿ ಡಬ್ಬ, ಮೇಲೆ ಪಟ್ಟಿಯೇ ಇರಲಿಲ್ಲ. ಕಾಗದ ಕೇಳಿದ್ದೇನೆ. ನಮ್ಮ ಹುಡುಗರು ಆ ಸಾಸನ್ನು ಹಳೇ ಕೆಚಪ್ ಬಾಟಲಿಗೆ ತುಂಬಿ ಟೇಬಲ್ ಮೇಲೆ ಇಡುತ್ತಾರೆ. ಗ್ರಾಹಕರು ಫೋಟೋ ತೆಗೆದರೆ ಅದರಲ್ಲಿ ಬರುವುದು ಕೆಚಪ್ ಲೇಬಲ್!

ಕ್ವಾಲಿಟಿ_ಪೀಣ್ಯ

ಸರ್, ಆ ಬಾಟಲಿಗಳ ಲೇಬಲ್ ಇವತ್ತೇ ಕಿತ್ತು ಹಾಕಿಸಿ. ಲೇಬಲ್ ಇಲ್ಲದ ಬಾಟಲಿ ನೋಡಿದವರು ಕೇಳುತ್ತಾರೆ. ಬೇರೆ ಲೇಬಲ್ ಇದ್ದರೆ ಓದಿ ನಂಬಿಬಿಡುತ್ತಾರೆ. ಖಾಲಿ ಬಾಟಲಿ ಬಳಸಿ, ಒಳಗೇನಿದೆ, ಯಾವ ಬ್ಯಾಚ್, ಯಾವತ್ತು ತುಂಬಿದ್ದು ಅಂತ ಟೇಪ್ ಮೇಲೆ ಬರೆದು ಅಂಟಿಸಿ.

ಸಣ್ಣಕೆಫೆ_ಮೈಸೂರು

ಚೀಸ್, ಬೆಣ್ಣೆಯವರಿಗೆ ಇವತ್ತು ಮೇಲ್ ಕಳಿಸಿದೆ. ಬ್ರೆಡ್ ನಮ್ಮ ಬಡಾವಣೆಯ ಬೇಕರಿಯದ್ದು, ಅವರಿಗೆ ಮೇಲ್ ಇಲ್ಲ, ನಾನೇ ಹೋಗಿ ಕೇಳಿ ಬರೆದುಕೊಂಡು ಬರುತ್ತೇನೆ. ಮೆಯೋ ಕಾರ್ಖಾನೆಗೆ ತೊಳೆಯುವ ಪ್ರಶ್ನೆ ಮತ್ತು ಎಳ್ಳಿನ ಪ್ರಶ್ನೆ ಎರಡನ್ನು ಮಾತ್ರ ಮತ್ತೆ ಕಳಿಸಿದ್ದೇನೆ. ಸಾಸಿವೆ ಇಲ್ಲದ ಎಗ್‌ಲೆಸ್ ಮೆಯೋ ಯಾರಾದರೂ ಬಳಸುತ್ತಿದ್ದು, ಅದರ ಶೀಟ್ ನಿಮ್ಮ ಕೈಯಲ್ಲಿದ್ದರೆ ದಯವಿಟ್ಟು ಇಲ್ಲಿ ತಿಳಿಸಿ.